ಸಹಿ ಇಲ್ಲ, ಶೆಡ್ ಮಾತ್ರ ನಿಂತಿದೆ

"ಅಗ್ರಿಮೆಂಟಿಗೆ ಸಹಿ ಬಿದ್ದಿಲ್ಲ ಅಂದ್ರೆ ಮಾಡಿದ ಕೆಲಸಕ್ಕೂ ದುಡ್ಡು ಕೇಳೋಕಾಗಲ್ಲ."

ಇದು ತಪ್ಪು ಸರ್. 1872ರ ಕರಾರು ಕಾಯ್ದೆಯ 70ನೇ ಕಲಂ ಇರುವುದೇ ಇದಕ್ಕೆ. ಪುಕ್ಕಟೆ ಅಂತಲ್ಲದೆ ಕಾನೂನುಬದ್ಧವಾಗಿ ಮಾಡಿದ ಕೆಲಸದ ಲಾಭ ಪಡೆದವರು ಅದರ ಬೆಲೆ ಕೊಡಬೇಕು. ವಿಜಯಪುರದ ಹತ್ತಿರ ನಮ್ಮಣ್ಣ ಒಣದ್ರಾಕ್ಷಿ ಶೆಡ್ ಕಟ್ಟುತ್ತಿದ್ದ. ಬಾಯಿಮಾತು ಅಷ್ಟೇ, ದರ ಬರೆದಿರಲಿಲ್ಲ. ಕಂಬ, ಚಾವಣಿ ಮುಗಿದ ಮೇಲೆ ಮಾಲೀಕರು ಬೇರೆಯವರನ್ನು ಕರೆದರು. ಆದರೆ ಅದೇ ಚಾವಣಿ ಕೆಳಗೆ ದ್ರಾಕ್ಷಿ ಒಣಗಿಸಿದರು, ಅಲ್ವಾ? ಕಬ್ಬಿಣದ ಬಿಲ್ಲು, ಕೂಲಿ ಚೀಟಿ, ವಾಟ್ಸಾಪ್ ಫೋಟೊ ಇಟ್ಟುಕೊಂಡು ವಕೀಲರ ನೋಟಿಸ್ ಕೊಟ್ಟೆವು. ಮಾಡಿದಷ್ಟಕ್ಕೆ ಊರಿನ ದರದಲ್ಲಿ 1,60,000 ಕೇಳಿ, 1,50,000ಕ್ಕೆ ಇತ್ಯರ್ಥವಾಯಿತು. ಪೂರ್ತಿ ಶೆಡ್ಡಿನ ಲಾಭ ಮಾತ್ರ ಈ ಕಲಂನಲ್ಲಿ ಸಿಗಲ್ಲ. ದರ ಬರೆದ ಕರಾರು ಊರ್ಜಿತವಾಗಿದ್ದರೆ ಅದರ ದರವೇ ನಡೆಯುತ್ತದೆ. ಸುಮ್ನೆ ಕಾಯಬೇಡಿ, ಕೆಲಸ ಮುಗಿದ ದಿನದಿಂದ 3 ವರ್ಷದೊಳಗೆ ದಾವೆ ಹಾಕಬೇಕು.