ಫ್ಲ್ಯಾಕ್ ಅಂತ ಹೆಸರಿಟ್ಟರೆ ಹೋದ ದನಿ ವಾಪಸ್ ಬರುತ್ತಾ?

ಅಜ್ಜಿಯ ಮಾತು ತುಂಬಿದ್ದ ಮೂರನೇ ಕ್ಯಾಸೆಟ್ಟಿನ ವೇವ್ ಫೈಲು, ಅಂದರೆ ಟೇಪಿನಿಂದ ನೇರ ಇಳಿಸಿ ಕುಗ್ಗಿಸದೆ ಇಟ್ಟದ್ದು, ಡಿಲೀಟ್ ಆಗಿದೆ. "ಬರೀ ಜಾಗ ತಿಂತಿತ್ತು, ಎಂಪಿ3 ಮಾಡಿಟ್ಟಿದೀನಲ್ಲ" ಅಂದರು ಭಾವ. ನನ್ನ ಮುಖ ನೋಡಿ, "ಬೇಕಿದ್ರೆ ಫ್ಲ್ಯಾಕ್ ಮಾಡ್ಕೊಡ್ತೀನಿ ಬಿಡು" ಅಂತ ಅದೇ ಎಂಪಿ3ಯನ್ನು ಅರ್ಧ ನಿಮಿಷದಲ್ಲಿ ಫ್ಲ್ಯಾಕ್, ಅಂದರೆ ದನಿ ಚೂರೂ ಕಳೆಯದೆ ಕುಗ್ಗಿಸಿಡುವ ಲಾಸ್‌ಲೆಸ್ ಫೈಲು, ಮಾಡಿಯೂ ಕೊಟ್ಟರು. ಸಾರು ಚೆಲ್ಲಿದ ಮೇಲೆ ದೊಡ್ಡ ಪಾತ್ರೆ ತಂದುಕೊಟ್ಟ ಹಾಗೆ.

ಇಷ್ಟಕ್ಕೇ ನಿಂತಿದ್ದರೆ ನುಂಗಿಕೊಳ್ಳುತ್ತಿದ್ದೆ. ಎಲ್ಲರೂ ಕೂತಿದ್ದಾಗಲೇ ಇನ್ನೊಂದು ಕ್ಯಾಸೆಟ್ಟಿನ ವೇವ್, ಎಂಪಿ3 ಎರಡನ್ನೂ ಫೋನಿನ ಸ್ಪೀಕರಿನಲ್ಲಿ ಹಾಕಿ "ಯಾವುದು ಒರಿಜಿನಲ್ಲು, ಹೇಳು ನೋಡೋಣ" ಅಂದರು. ಅಜ್ಜಿ ಅದೇ ಮಾತನ್ನು ಎರಡು ಸಲ ಆಡಿದರು. ನಾನು ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ದೊಡ್ಡ ಪಂಡಿತನ ಹಾಗೆ ಒಂದನ್ನು ತೋರಿಸಿದೆ. ಅದು ಎಂಪಿ3. ಮನೆಯವರೆಲ್ಲ ನಕ್ಕರು. ಆ ನಗು ಇನ್ನೂ ಕಿವಿಯಲ್ಲಿದೆ, ಅದೂ ಲಾಸ್‌ಲೆಸ್ ಆಗಿ.

ನಿಜ ಹೇಳಬೇಕೆಂದರೆ ಭಾವ ಹೇಳಿದ್ದು ತಪ್ಪಲ್ಲ. ಒಬ್ಬರೇ ಮಾತಾಡುವ ರೆಕಾರ್ಡಿಂಗು 128 ಕೆಬಿಪಿಎಸ್ ಎಂಪಿ3ಯಲ್ಲಿದ್ದರೆ ಫೋನ್ ಸ್ಪೀಕರಿನಲ್ಲಿ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ಕೂಡಿಡುವುದು ಇವತ್ತು ಕೇಳುವುದಕ್ಕಾ? ಇನ್ನು ಇಪ್ಪತ್ತು ವರ್ಷಕ್ಕೆ ಯಾರೋ ಆ ಟೇಪಿನ ಹಿಸ್, ಅಂದರೆ ಹಿಂದೆ ಸುಯ್ ಅನ್ನುವ ಸದ್ದು, ತೆಗೆಯಲು ಕೂರುತ್ತಾರೆ. ಎಡವಟ್ಟು ಬಯಲಾಗುವುದು ಆವಾಗ. ಎಂಪಿ3 ಮಾಡುವಾಗ ದನಿಯನ್ನು ಸುಮಾರು 24 ಮಿಲಿಸೆಕೆಂಡಿನ ತುಂಡು ಮಾಡಿ, ಜೋರು ದನಿಯ ಮರೆಯಲ್ಲಿ ಕೇಳಿಸದು ಅನ್ನಿಸಿದ್ದನ್ನು ಒರಟು ಮಾಡುತ್ತದೆ ಇಲ್ಲವೇ ಬಿಸಾಕುತ್ತದೆ. ಒಂದೇ ಸಮನೆ ಇದ್ದ ಹಿಸ್ಸು ಈ ತುಂಡಿನಲ್ಲಿ ಇದ್ದು ಮುಂದಿನದರಲ್ಲಿ ಇಲ್ಲದಂತಾಗುತ್ತದೆ. ಹಿಸ್ ತೆಗೆಯುವ ತಂತ್ರಾಂಶ ಅಜ್ಜಿ ಸುಮ್ಮನಿದ್ದ ಜಾಗದಲ್ಲಿ ಅದರ ಮಾದರಿ ಹಿಡಿದುಕೊಂಡು ಉಳಿದ ಕಡೆ ಕಳೆಯಲು ಹೋದರೆ ಲೆಕ್ಕ ಕೂಡುವುದಿಲ್ಲ. ಕೊನೆಗೆ ಅಜ್ಜಿ ನೀರೊಳಗೆ ಕೂತು ಮಾತಾಡಿದ ಹಾಗೆ ಗುಳುಗುಳು.

ಸರಿ, ಇವರು ಉಳಿಸಿದ ಜಾಗವಾದರೂ ಎಷ್ಟು? ಮೋನೋ, 48 ಕಿಲೋಹರ್ಟ್ಸ್, 24 ಬಿಟ್ ಆದರೆ ಸೆಕೆಂಡಿಗೆ 1,44,000 ಬೈಟ್, ಗಂಟೆಗೆ ಸುಮಾರು 518 ಎಂಬಿ. ಒಂದೊಂದು ಗಂಟೆಯ 14 ಕ್ಯಾಸೆಟ್ಟಿಗೆ ಏಳೂಕಾಲು ಜಿಬಿ. ಫ್ಲ್ಯಾಕ್ ಮಾಡಿದ್ದರೆ ಒಂದು ಬಿಟ್ಟೂ ಕಳೆಯದೆ ಇನ್ನೂ ಕುಗ್ಗುತ್ತಿತ್ತು (ಹಿಸ್ ಇರುವ ಟೇಪು ತೀರಾ ಕುಗ್ಗುವುದಿಲ್ಲ, ಅದನ್ನೂ ಒಪ್ಪುತ್ತೇನೆ). ಭಾವನ ಫೋನಿನಲ್ಲಿ ಶುಭೋದಯದ ವಿಡಿಯೋಗಳೇ ಇದಕ್ಕಿಂತ ಹೆಚ್ಚು ಜಾಗ ತಿಂದಿವೆ. ಅವನ್ನು ಯಾಕೆ ಡಿಲೀಟ್ ಮಾಡಲಿಲ್ಲ? ಯಾರಾದರೂ ಉತ್ತರ ಹೇಳಿ!

ಮಾಡಬೇಕಿದ್ದದ್ದು ಎರಡೇ ಸಾಲು:

```
flac -8 --verify ajji_03_A.wav
flac -t ajji_03_A.flac
```

ಮೊದಲನೆಯದು ಕುಗ್ಗಿಸುತ್ತಲೇ ಬಿಚ್ಚಿ ಮೂಲದ ಜೊತೆ ತಾಳೆ ನೋಡುತ್ತದೆ. ಎರಡನೆಯದನ್ನು ವರ್ಷಕ್ಕೊಮ್ಮೆ ಓಡಿಸಿದರೆ, ಫೈಲಿನೊಳಗೇ ಇರುವ, ಮೂಲ ದನಿಯ ಬೆರಳಚ್ಚಿನಂಥ ಎಂಡಿ5 ಮೊತ್ತಕ್ಕೆ ದನಿ ಇನ್ನೂ ಹೊಂದುತ್ತದೆಯೋ ಇಲ್ಲವೋ ಹೇಳುತ್ತದೆ. ಎಂಪಿ3ಯಲ್ಲಿ ಈ ಸೌಲಭ್ಯ ಇಲ್ಲ.

ಹೊಟ್ಟೆ ಉರಿಯುವುದು ಇಲ್ಲೇ. ಭಾವ ಮಾಡಿಕೊಟ್ಟ ಫ್ಲ್ಯಾಕ್ ಮೇಲೂ `flac -t` ಓಡಿಸಿದೆ. `ok` ಅಂತು! ಅನ್ನದೆ ಏನು, ಅದು ಕಾಯುವುದು ತನ್ನ ಕೈಗೆ ಬಂದದ್ದನ್ನು. ಕೈಗೆ ಬಂದದ್ದೇ ಕತ್ತರಿಸಿದ ದನಿ. ಗುಟ್ಟು ತಿಳಿಯಬೇಕಾದರೆ ಆಡಾಸಿಟಿ ತಂತ್ರಾಂಶದಲ್ಲಿ ಸ್ಪೆಕ್ಟ್ರೋಗ್ರಾಂ, ಅಂದರೆ ಕೆಳಗೆ ದಪ್ಪ ದನಿ, ಮೇಲೆ ಕೀರಲು ದನಿ ತೋರಿಸುವ ಚಿತ್ರ, ತೆಗೆದು ನೋಡಬೇಕು. ಟೇಪಿನಿಂದ ನೇರ ಬಂದದ್ದರಲ್ಲಿ ಹಿಸ್ಸು ಮೇಲೆ ಹೋದಂತೆ ಮಂಜಿನ ಹಾಗೆ ನಿಧಾನಕ್ಕೆ ತೆಳುವಾಗುತ್ತದೆ. ಇದರಲ್ಲಿ 16 ಕಿಲೋಹರ್ಟ್ಸ್ ಹತ್ತಿರ ಕುಡುಗೋಲಲ್ಲಿ ಕೊಯ್ದಂತೆ ಒಂದು ಅಡ್ಡಗೆರೆ, ಅದರ ಮೇಲೆ ಕತ್ತಲು, ಕೆಳಗೂ ಅಲ್ಲಲ್ಲಿ ಚೌಕ ಚೌಕದ ತೂತು.

ಹೋಗಲಿ ಬಿಡಿ. ಯಾರಿಗೆ ಹೇಳುವುದು? ಉಳಿದ 13 ಕ್ಯಾಸೆಟ್ಟು ಇವೆ, ಹೆಡ್ ಒರೆಸಿ ಮತ್ತೆ ರೆಕಾರ್ಡ್ ಮಾಡಬಹುದು. ಮೂರನೆಯದು ಮಾತ್ರ ಮೊನ್ನೆ ಡೆಕ್ಕಿನಲ್ಲಿ ಸುತ್ತಿಕೊಂಡು ಚೂರು ಚೂರಾಯಿತು. ಅದಕ್ಕೆ ಈಗ ಆ ಎಂಪಿ3ಯೇ ಮೂಲ. ಅದನ್ನು ಮುಟ್ಟದೆ ಹಾಗೇ ಇಡುವುದು ಒಂದೇ ದಾರಿ. ಎಡಿಟ್ ಮಾಡಿ ಮತ್ತೆ ಎಂಪಿ3ಗೆ ಉಳಿಸಿದರೆ ಇನ್ನೊಂದು ಸುತ್ತು ಕತ್ತರಿ ಬೀಳುತ್ತದೆ. ಚಿಕ್ಕಮ್ಮನ ವಾಟ್ಸಾಪ್ ದನಿಗಳಿಗೂ ಇದೇ ಮಾತು: ಅವು ಹುಟ್ಟಿದ್ದೇ `.opus` ಆಗಿ, `.opus` ಆಗಿಯೇ ಇರಲಿ. ಅವನ್ನು ವೇವ್ ಮಾಡಿದರೆ ಗಾತ್ರ ಬೆಳೆಯುತ್ತದೆಯೇ ಹೊರತು ದನಿ ಬೆಳೆಯುವುದಿಲ್ಲ.

ಭಾವನ ಫ್ಲ್ಯಾಕನ್ನು ಡಿಲೀಟ್ ಮಾಡಿದೆ. ಜಾಗ ತಿಂತಿತ್ತು.