ಗಾಳಿ ದಿಂಬು ಮತ್ತ ಸರ್ಟಿಫಿಕೇಟು

ರಜಾ ಹಾಕೋದರ ಬಗ್ಗೆ ಆಫೀಸಿನ ಸುತ್ತೋಲೆ ನಿಮ್ಮ ಗ್ರೂಪಿಗೂ ಬಂದಿರಬೇಕಲ್ರಿ, "ಮೆಡಿಕಲ್ ಸರ್ಟಿಫಿಕೇಟಿನಲ್ಲಿ ಕಾಯಿಲೆಯ ಸಂಪೂರ್ಣ ವಿವರ ಇರತಕ್ಕದ್ದು" ಅಂತ. ಸಂಪೂರ್ಣ ಅಂದ್ರ ಎಷ್ಟ್ರಿ, ಫೋಟೋನೂ ಹಚ್ಚಬೇಕೇನು?

ಹ್ವಾದ ವರ್ಷ ನನಗ ಮೂಲವ್ಯಾಧಿ ಆಪರೇಶನ್ ಆತು. ಡಾಕ್ಟರ್ 10 ದಿನ ರೆಸ್ಟ್ ಬರದ್ರು, ಜೊತಿಗೆ ರೋಗದ ಹೆಸರನ್ನೂ ಬರದ್ರು. ಔಷಧ ಚೀಟಿ ಅಂಗಡಿಯವಗೂ ತಿಳೀದಂಗ ಬರಿಯೋ ಮನಷ್ಯಾ ಇದೊಂದನ್ನ ಮುತ್ತಿನಂಥ ಅಕ್ಷರದಾಗ ಬರದಿದ್ದ. ವಾಪಸ್ ಡ್ಯೂಟಿಗೆ ಹೋದ್ರ ಖುರ್ಚಿ ಮ್ಯಾಲೆ ಗಾಳಿ ತುಂಬಿದ ದಿಂಬು, ನಡಬರಕ ತೂತು. ಕ್ಯಾಂಟೀನಿನಾಗ ಗಿರ್ಮಿಟ್ ಮುಂದ ಮೆಣಸಿನಕಾಯಿ ಕಡೆ ಕೈ ಚಾಚಿದ್ರ ನಾಕು ಟೇಬಲ್ಲಿಂದ "ಬ್ಯಾಡ್ರೀ ಸರ!". ಗದಗ ಕಡಿಯಾವ ಒಬ್ಬ ಕಪ್ಪತಗುಡ್ಡದ ಬೇರು ತರ್ತೀನಿ ಅಂದ, ಇನ್ನೂ ತಂದಿಲ್ಲ.

ಡಾಕ್ಟರಂದೂ ಪೂರ್ತಿ ತಪ್ಪಲ್ಲ ಬಿಡ್ರಿ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮದಾಗ ಇರೋ ನಮೂನಿನೇ ಹಂಗೈತಿ: ಮ್ಯಾಲೆ ರೋಗಿ ಸಹಿ, ಗುರುತಿನ ಮಚ್ಚಿ, ಆಮ್ಯಾಲೆ "ಇಂಥಾದ್ದರಿಂದ ಬಳಲುತ್ತಿದ್ದಾರೆ" ಅನ್ನಾಕ ಒಂದು ಖಾಲಿ ಜಾಗ. ಅದೇ ನಿಯಮದ 7.14 ಮಾತ್ರ ರೋಗಿ ಗುಟ್ಟು ಹೊರಗ ಹಾಕಬ್ಯಾಡ್ರಿ ಅಂತೈತಿ. ಕೋರ್ಟ್ ಆದೇಶ, ಮಂದಿಗೆ ಗಂಭೀರ ಅಪಾಯ, ಸರ್ಕಾರಕ್ಕ ತಿಳಸಲೇಬೇಕಾದ ರೋಗ, ಇವಿದ್ರ ಬ್ಯಾರೆ ಮಾತು. ನನ್ನ ಮೂಲವ್ಯಾಧಿಯಿಂದ ಯಾರಿಗ್ರೀ ಅಪಾಯ?

ಹಿಂಗಾಗಿ ತಿಳದ ಡಾಕ್ಟರು ಆ ಜಾಗ ತುಂಬೋಕಿಂತ ಮೊದಲ "ಹೆಸರು ಬರೀಲೇನ್ರಿ?" ಅಂತ ರೋಗಿನ್ನ ಕೇಳತಾರ. ಬ್ಯಾಡ ಅಂದ್ರ "ಶಸ್ತ್ರಚಿಕಿತ್ಸೆ ಆಗಿದೆ, ನನ್ನ ಚಿಕಿತ್ಸೆಯಲ್ಲಿದ್ದಾರೆ, ಈ ತಾರೀಖಿನಿಂದ ಈ ತಾರೀಖಿನವರೆಗೆ ಕೆಲಸಕ್ಕೆ ಯೋಗ್ಯರಲ್ಲ", ಬೇಕಾದ್ರ "ಎರಡು ವಾರ ಬಹಳ ಹೊತ್ತು ಕೂರುವಂತಿಲ್ಲ". ಆಫೀಸಿಗೆ ಹಾಜರಿ ಹಾಕಾಕ ಇಷ್ಟು ಸಾಕು, ನನ್ನ ಹಿಂಭಾಗದ ವಿಳಾಸ ಯಾಕ? ಹಂಗಂತ ಮರ್ಯಾದಿ ಉಳಸಾಕ "ವೈರಲ್ ಫೀವರ್" ಅಂತ ಬರದ್ರ ಅದು ಸುಳ್ಳು ಸರ್ಟಿಫಿಕೇಟು. 7.7ರ ಪ್ರಕಾರ ಡಾಕ್ಟರ್ ಹೆಸರು ರಿಜಿಸ್ಟರಿನಿಂದನ ಹಾರಬಹುದು. ಹೆಸರು ಮುಚ್ಚೋದು ಬ್ಯಾರೆ, ಬ್ಯಾರೆ ರೋಗ ಹುಟ್ಟಸೋದು ಬ್ಯಾರೆ.

ನಂದೇನೋ ನಗಿ ಮಾತಾತು. ನಮ್ಮ ಸೆಕ್ಷನ್ನಿನ ಒಬ್ಬಾಕಿಗೆ ತಿಂಗಳಗಟ್ಲೆ ನಿದ್ದಿ ಇರಲಿಲ್ಲ. ಆಕಿ ಡಾಕ್ಟರ್ ರೋಗದ ಹೆಸರು ಬರೀಲೇ ಇಲ್ಲ, ಆದ್ರ ಲೆಟರ್‌ಹೆಡ್ಡಿನಾಗ "ಮನೋರೋಗ ತಜ್ಞರು" ಅಂತ ದಪ್ಪ ಅಕ್ಷರ. ಟಪಾಲು ಟ್ರೇದಾಗ ಆ ಕಾಗದ ಮೂರು ದಿನ ಮಕಾ ಮ್ಯಾಲ ಮಾಡಿ ಬಿದ್ದಿತ್ತು, ಚಾ ತರೋ ಹುಡುಗನೂ ಓದಿದ. "ಧಾರವಾಡಕ್ಕ ಕಳಸಬೇಕು" ಅನ್ನೋ ಹಳೇ ಜೋಕ್ ಆಕಿ ಕಿವಿಗೇ ಬೀಳೂ ಹಂಗ ಹೊಡದ್ರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಆಕಿ ಗುಟ್ಟು ಆಕಿ ಹಕ್ಕು ಅಂತೈತಿ. ಒಂದು ಲಕೋಟಿಗೆ ಹಾಕಿ ಅಂಟಸಾಕ ಎಷ್ಟ್ರೀ ಖರ್ಚು? ನಾಚಿಕಿ ಆಗಬೇಕು ನಮಗ. ಆಕಿ ಈಗ ಎಷ್ಟ ಕಷ್ಟ ಆದ್ರೂ ರಜಾನ ಹಾಕೂದಿಲ್ಲ.

ನನ್ನ ಗಾಳಿ ದಿಂಬು ಹ್ವಾದ ತಿಂಗಳು ಕಾಣಲಿಲ್ಲ. ಸಾಹೇಬ್ರ ಖುರ್ಚಿ ಮ್ಯಾಲೆ ಐತಿ. ಅವರು 10 ದಿನ ರಜಾ ಮೇಲಿದ್ರು, ಸರ್ಟಿಫಿಕೇಟಿನಾಗ ವೈರಲ್ ಫೀವರ್.