ಹುಬ್ಬಳ್ಳಿ ಗೋಕುಲ ರೋಡ್ ಕಡೆ ಬಾಡಿಗೆ ಮನೆ ಹುಡುಕುವವರಿಗೆ: ನಾವು ಬಿಟ್ಟ ಮನೆ, ಅದರ ಮಾಲಕರು, ನಮ್ಮ ಡಿಪಾಜಿಟ್

ಮನೆ ಬಿಟ್ಟ ಮೇಲೆ ಬಹಳ ಜನ ಕೇಳಿದರು, "ಮಾಲಕರು ಹ್ಯಾಂಗ್ರಿ, ಡಿಪಾಜಿಟ್ ಪೂರಾ ಕೊಟ್ರೇನು?" ಅಂತ. ಅದೇ ಬಿಲ್ಡಿಂಗ್‌ನ ಕೆಳಗಿನ ಮನೆ ಮುಂದಿನ ತಿಂಗಳು ಖಾಲಿ ಆಗ್ತಿದೆ, ಅದಕ್ಕೇ ಇದನ್ನು ಬರೀತಿದ್ದೇನೆ. ಮಾಲಕರ ಹೆಸರು ಹಾಕೋದಿಲ್ಲ, ವಯಸ್ಸಾದವರು. ನಾವು ಕಾಕಾ ಅಂತಿದ್ವಿ, ಇಲ್ಲೂ ಹಾಗೇ ಅಂತೀನಿ.

ಮನೆ ಚೆನ್ನಾಗಿದೆ. ಎರಡು ಬೆಡ್‌ರೂಮ್, ಗಾಳಿ ಬೆಳಕು ಭರಪೂರ, ಬಾಡಿಗೆ 11,000, ಡಿಪಾಜಿಟ್ 80,000. ನೀರಿನ ಚಿಂತೆ ಇಲ್ಲ. ನಳ ತಡವಾಗಿ ಬಂದರೂ ಸಂಪು ದೊಡ್ಡದಿದೆ, ಜೊತೆಗೆ ಬೋರ್ ಇದೆ. ಸಂಪಿನ ಮೋಟರ್ ಒಮ್ಮೆ ಸುಟ್ಟಾಗ ಕಾಕಾ ಅದೇ ದಿನ ತಾವೇ ಬಿಚ್ಚಿಸಿ ವೈಂಡಿಂಗ್‌ಗೆ ಒಯ್ದರು, ನಮ್ಮಿಂದ ಒಂದು ರೂಪಾಯಿ ಕೇಳಲಿಲ್ಲ. ನೀರು, ಕರೆಂಟ್ ವಿಷಯದಲ್ಲಿ ಅವರು ಇಷ್ಟು ಚುರುಕು.

ಗೋಡೆ ವಿಷಯಕ್ಕೆ ಬಂದರೆ ಮಾತ್ರ ಅವರ ಕಿವಿ ಮಂದ ಆಗ್ತದೆ.

ನಮ್ಮದು ಮೇಲಿನ ಮನೆ. ಹಿಂದಿನ ಬೆಡ್‌ರೂಮಿನ ಮೂಲೆಯಲ್ಲಿ, ಬಚ್ಚಲಿಗೆ ತಾಗಿದ ಗೋಡೆಯ ಮೇಲ್ಭಾಗದಲ್ಲಿ, ಮೊದಲನೇ ಮಳೆಗಾಲದಲ್ಲೇ ಬಣ್ಣ ಗುಳ್ಳೆ ಎದ್ದಿತು. ಬೆರಳಿಂದ ಒತ್ತಿದರೆ ಒಳಗೆ ಬಿಳೀ ಪುಡಿ, ಮುಟ್ಟಿದರೆ ಗಿಲಾವು ಹಿಟ್ಟಿನ ಹಾಗೆ ಉದುರೋದು. ಕಾಕಾ ಬಂದು ನೋಡಿ, "ಬಚ್ಚಲ್ದಾಗ ನೀರು ಜಾಸ್ತಿ ಸುರೀತೀರಿ ತಮ್ಮಾ, ಅದರದ್ದ ಥಂಡಿ ಇದು" ಅಂದರು. ಹಾಗೆ ಅಂದರೆ ತಪ್ಪು ನಮ್ಮದು, ಖರ್ಚೂ ನಮ್ಮದು, ಅಲ್ವಾ?

ಆದರೆ ಬಚ್ಚಲಿನ ನೀರು ಕಾರಣ ಆಗಿದ್ದರೆ ಬೇಸಿಗೆಯಲ್ಲೂ ಗೋಡೆ ಹಸಿ ಇರಬೇಕಿತ್ತು. ನಾವು ಏಪ್ರಿಲ್‌ನಲ್ಲೂ ಸ್ನಾನ ಮಾಡ್ತೀವಲ್ಲ! ಏಪ್ರಿಲ್‌ನಲ್ಲಿ ಅದು ಒಣಗಿ ಖಣಖಣ ಅಂತಿತ್ತು, ಮಳೆ ಬಿದ್ದ ಮರುದಿನ ಮತ್ತೆ ಕಲೆ ಹರಡ್ತಿತ್ತು. ಅಷ್ಟೇ ಅಲ್ಲ, ಬಚ್ಚಲಿನ ನೀರು ಇಳಿದರೆ ಗೋಡೆಯ ಕೆಳಭಾಗ ಕೆಡಬೇಕು. ಇಲ್ಲಿ ಮೇಲಿಂದ ಶುರುವಾಗಿತ್ತು. ಟೆರೇಸ್ ಹತ್ತಿ ನೋಡಿದರೆ ಸರಿಯಾಗಿ ಆ ಮೂಲೆಯ ಮೇಲೇ ಮಳೆನೀರು ಹೋಗುವ ಪೈಪಿನ ಬಾಯಿ ಇದೆ, ಸುತ್ತ ಸಿಮೆಂಟು ಬಿರುಕು ಬಿಟ್ಟಿದೆ, ಕಸ ಸಿಕ್ಕಿ ನೀರು ನಿಂತಿದೆ.

ಮೊದಲ ವರ್ಷ ಕಾಕಾ ಪುಟ್ಟಿ ಬಳಿಸಿ ಬಣ್ಣ ಹಚ್ಚಿಸಿ ಕೈ ತೊಳೆದುಕೊಂಡರು. ಅದು ಮುಂದಿನ ಮಳೆಗೇ ಉದುರಿತು. ಎರಡನೇ ಸಲ ನಾನು ಮಳೆ ನಡೆದಾಗಲೇ ಟೆರೇಸ್‌ನಲ್ಲಿ ನಿಂತ ನೀರು, ಆಮೇಲೆ ಕೆಳಗಿನ ಗೋಡೆ, ಎರಡನ್ನೂ ಒಂದೇ ವಿಡಿಯೊದಲ್ಲಿ ತೆಗೆದು ಕಳಿಸಿದೆ. ಆಗ ಗೌಂಡಿ ಬಂದ. ಪೈಪಿನ ಸುತ್ತ ಒಡೆದು, ವಾಟರ್‌ಪ್ರೂಫ್ ಪುಡಿ ಬೆರೆಸಿದ ಸಿಮೆಂಟು ತುಂಬಿ, ಅದು ಗಟ್ಟಿಯಾದ ಮೇಲೆ ಪೈಪಿನ ಬಾಯಿ ಮುಚ್ಚಿ ಒಂದು ದಿನ ನೀರು ನಿಲ್ಲಿಸಿ ಪರೀಕ್ಷೆ ಮಾಡಿದ. ಒಂದು ದಿನದ ಕೆಲಸಕ್ಕೆ ಎರಡು ಮಳೆಗಾಲ ಕಾದಂತಾಯ್ತು. ಮನೆ ನೋಡೋಕೆ ಹೋದಾಗ ಒಂದೇ ಮೂಲೆಗೆ ಮಾತ್ರ ಹೊಸ ಬಣ್ಣ ಕಂಡರೆ ಸುಮ್ನೆ ಬರಬೇಡಿ, ಟೆರೇಸ್ ಹತ್ತಿ ಬನ್ನಿ.

ಕಾನೂನಿನಲ್ಲಿ ಇದಕ್ಕೆ ದಾರಿ ಇದೆ. ಮಾಲಕರೇ ಮಾಡಿಸಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಅವರು ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಬಾಡಿಗೆಯಲ್ಲಿ ಹಿಡಿಯಬಹುದು ಅಂತ ಟ್ರಾನ್ಸ್‌ಫರ್ ಆಫ್ ಪ್ರಾಪರ್ಟಿ ಆ್ಯಕ್ಟ್‌ನ 108ನೇ ಕಲಂ ಹೇಳ್ತದೆ. ಆದರೆ ಯಾವ ರಿಪೇರಿ ಯಾರದು ಅಂತ ಕರಾರಿನಲ್ಲಿ ಬರೆದಿರದಿದ್ದರೆ ಜಗಳ ಅಲ್ಲಿಗೇ ಬಂದು ನಿಲ್ತದೆ. ನಮ್ಮ ಕರಾರಿನಲ್ಲಿ "ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದು" ಅಂತ ಒಂದೇ ಸಾಲು ಇತ್ತು. ಸೋರುವ ಸ್ಲ್ಯಾಬ್ ಸಣ್ಣದೋ ಪುಟ್ಟದೋ ಆ ಶಿವನೇ ಬಲ್ಲ.

ಇನ್ನು ನೋಟಿಸ್. ಕರಾರಿನಲ್ಲಿ "ಒಂದು ತಿಂಗಳು ಮುಂಚಿತವಾಗಿ ತಿಳಿಸಬೇಕು" ಅಂತ ಇತ್ತು. ನಾನು ಅಕ್ಟೋಬರ್ 8ಕ್ಕೆ ವಾಟ್ಸಾಪ್ ಮಾಡಿ ನವೆಂಬರ್ 8ಕ್ಕೆ ಬಿಡ್ತೀವಿ ಅಂದೆ. ಕಾಕಾ ಲೆಕ್ಕವೇ ಬೇರೆ. "ನೋಟಿಸ್ ಒಂದನೇ ತಾರೀಕಿನಿಂದ ಹಿಡಿತೀವಿ ತಮ್ಮಾ, ನವೆಂಬರ್ ಪೂರಾ ಬಾಡಗಿ ಆಕ್ಕೈತಿ" ಅಂದರು. ಹಾಗಂತ ಕರಾರಿನಲ್ಲಿ ಎಲ್ಲೂ ಇರಲಿಲ್ಲ. ಕರಾರಿನಲ್ಲಿ ನೋಟಿಸ್ ಮಾತೇ ಇಲ್ಲದಿದ್ದರೆ, ವಾಸದ ಮನೆಯ ತಿಂಗಳ ಬಾಡಿಗೆಗೆ ಕಾನೂನು ಹೇಳೋದು 15 ದಿನ. ಅದನ್ನೂ ನೋಟಿಸ್ ಮುಟ್ಟಿದ ದಿನದಿಂದ ಎಣಿಸ್ತಾರೆ, ಒಂದನೇ ತಾರೀಕಿನಿಂದಲ್ಲ. ಬರೆದಿದ್ದರೆ ಬರೆದದ್ದೇ ನಡೀತದೆ. ಕೊನೆಗೆ ಕಾಕಾ ಅವರ ಹೆಂಡತಿ ಕಾಕು ನಡುವೆ ಬಂದು ನವೆಂಬರ್ 15ರ ತನಕ ಅಂತ ಮುಗಿಸಿದರು, 5,500 ಕೊಟ್ಟೆ. ಆ ಮನೆಯಲ್ಲಿ ನ್ಯಾಯ ಬಗೆಹರಿಯೋದು ಅಡುಗೆಮನೆಯಿಂದಲೇ.

ಡಿಪಾಜಿಟ್ ಕಥೆ ಸ್ವಲ್ಪ ಉದ್ದ ಇದೆ. 80,000ದಲ್ಲಿ ಬಣ್ಣಕ್ಕೆ ಅಂತ ಒಂದು ತಿಂಗಳ ಬಾಡಿಗೆ 11,000 ಮುರಿದರು. ಕರಾರಿನಲ್ಲಿ ಇತ್ತು, ಸಹಿ ಹಾಕಿದ್ದೆವು, ಮಾತಾಡಲಿಲ್ಲ. (ಒಂದು ವರ್ಷ ಇದ್ದರೂ ಐದು ವರ್ಷ ಇದ್ದರೂ ಅಷ್ಟೇ ಮುರಿಯೋದು ನನಗೆ ಸರಿ ಕಾಣಲ್ಲ, ಆದರೆ ನಮ್ಮ ಕಡೆ ಇದೇ ರೂಢಿ.) ಬಚ್ಚಲಿನ ಬಾಗಿಲ ಕೆಳಭಾಗ ಉಬ್ಬಿದೆ ಅಂತ ಮತ್ತೆ 3,500 ಹಿಡಿಯೋಕೆ ಹೊರಟರು. ಅದೃಷ್ಟಕ್ಕೆ ಸಾಮಾನು ಇಳಿಸುವ ಮೊದಲೇ ನನ್ನ ಹೆಂಡತಿ ಪ್ರತಿ ರೂಮಿನ ಫೋಟೊ ತೆಗೆದು ಅವತ್ತೇ ಕಾಕಾಗೆ ಕಳಿಸಿದ್ದಳು. ಆ ಫೋಟೊದಲ್ಲೂ ಪ್ಲೈವುಡ್ ಬಾಗಿಲು ಹಾಗೇ ಉಬ್ಬಿತ್ತು. ಮೊಬೈಲ್ ತೋರಿಸಿದಾಗ ಕಾಕಾ ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿ, "ಇರ್ಲಿ ಬಿಡು" ಅಂದರು. ಫೋಟೊ ಇರದಿದ್ದರೆ 3,500 ಹೋಗ್ತಿತ್ತು.

ಕೊನೆಯ ಲೈಟ್ ಬಿಲ್ 640. ಬಿಡುವ ದಿನ ಮೀಟರ್ ರೀಡಿಂಗ್ ಫೋಟೊ ತೆಗೆದು ಇಬ್ಬರೂ ನೋಡಿಕೊಂಡಿದ್ದರಿಂದ ಅದರಲ್ಲಿ ತಕರಾರು ಬರಲಿಲ್ಲ. ನಿಮ್ಮ ಆಧಾರ್ ಆ ಮನೆಯ ಆರ್‌ಆರ್ ನಂಬರಿಗೆ ಗೃಹಜ್ಯೋತಿಗಾಗಿ ಜೋಡಿಸಿದ್ದರೆ ಬಿಡುವಾಗ ಡಿ-ಲಿಂಕ್ ಮಾಡಿಸಿ, ಇಲ್ಲದಿದ್ದರೆ ಹೊಸ ಮನೆಯಲ್ಲಿ ನಿಮಗೇ ತೊಂದರೆ.

ಹೀಗೆ ನಮಗೆ ಬರಬೇಕಾಗಿದ್ದು 68,360. ಕೀಲಿ ಕೊಟ್ಟ ದಿನ 40,000 ಹಾಕಿದರು. ಉಳಿದ 28,360ಕ್ಕೆ, "ಹೊಸಾ ಬಾಡಗಿದಾರ್ರು ಬರ್ಲಿ, ಅವ್ರು ಕೊಟ್ಟ ಕೂಡ್ಲೆ ನಿಮಗ ಕೊಡ್ತೀನಿ" ಅಂದರು. ಮೋಸ ಮಾಡುವವರಲ್ಲ, ಕೊಟ್ಟರು. ಆದರೆ ಎರಡು ತಿಂಗಳಾಯ್ತು, ಅಷ್ಟರಲ್ಲಿ ನಾವು ಹೊಸ ಮನೆಯ ಡಿಪಾಜಿಟ್‌ಗೆ ತಮ್ಮನ ಹತ್ತಿರ ಕೈಗಡ ತಗೊಂಡಿದ್ದೆವು. ಕೊನೆಯ ತಿಂಗಳ ಬಾಡಿಗೆಯನ್ನು ಡಿಪಾಜಿಟ್‌ನಲ್ಲಿ ಮುರ್ಕೊಳ್ಳಿ ಅಂದರೆ ಕಾಕಾ ಒಪ್ಪೋದಿಲ್ಲ, ಕೇಳಿ ನೋಡಿದ್ದೇನೆ.

ಹಾಗಾದರೆ ಕೆಳಗಿನ ಮನೆ ಹಿಡಿಯಬಹುದಾ? ಹಿಡೀರಿ. ಮೇಲೆ ಇನ್ನೊಂದು ಮನೆ ಇರೋದರಿಂದ ಟೆರೇಸ್ ಸೋರುವ ಕಾಟ ಇಲ್ಲ. ಆದರೆ 11 ತಿಂಗಳ ಕರಾರು ಟೈಪ್ ಮಾಡಿಸುವಾಗ ನೀವೇ ಎದುರಿಗೆ ಕೂತುಕೊಳ್ಳಿ. ನೋಟಿಸ್ ಕೊಟ್ಟ ದಿನದಿಂದ 30 ದಿನ ಅಂತ ಬರೆಸಿ, ವಾಟ್ಸಾಪ್ ನೋಟಿಸ್ ನಡೀತದೆ ಅಂತಲೂ ಸೇರಿಸಿ. ಸ್ಲ್ಯಾಬ್, ಗೋಡೆಯೊಳಗಿನ ಪೈಪು, ಮೋಟರ್ ಮಾಲಕರದು, ನಳದ ವಾಷರ್, ಬಲ್ಬು ನಿಮ್ಮದು ಅಂತ ಹೆಸರು ಹಿಡಿದೇ ಬರೆಸಿ. ಡಿಪಾಜಿಟ್ ಕೀಲಿ ಕೊಟ್ಟ ದಿನವೇ ಅಂದರೆ ಕಾಕಾ ಸಹಿ ಹಾಕಲ್ಲ. 15 ದಿನದೊಳಗೆ ಅಂದರೆ ಗೊಣಗಿ ಹಾಕ್ತಾರೆ, ಪಕ್ಕದ ಮನೆಯವರಿಗೆ ಹಾಕಿದ್ದಾರೆ. ಹಣ ಮಾತ್ರ ಖಾತೆಗೇ ಹಾಕಿ, ಕೈಯಲ್ಲಿ ಕೊಡಬೇಡಿ.

ಬಾಡಿಗೆ 12,000 ಅಂತ ಹೇಳ್ತಾರೆ. ಕಾಕು ಮನೆಯಲ್ಲಿದ್ದಾಗ ಹೋಗಿ ಮಾತಾಡಿ, 11,500ಕ್ಕೆ ಬರ್ತದೆ. ಮನೆ ಎಲ್ಲಿ ಅಂತ ಬೇಕಾದವರು ಇನ್‌ಬಾಕ್ಸ್‌ಗೆ ಬನ್ನಿ.